ತೂಕಕ್ಕೆ ಬಿದ್ದ ಒತ್ತಕ್ಷರ

ಹೆಂಡತಿ ವಾರ್ಡಿನ ಕೌನ್ಸಿಲರ್ ಆಗಿ ಗೆದ್ದ ಸಂಜೆಯೇ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಅವಳ ಮೊದಲ ಭಾಷಣ ಬರೆಯುವವನು ನಾನೇ, ಬೇರೆ ಯಾರಿಗೂ ಪೆನ್ನು ಮುಟ್ಟಲು ಬಿಡುವುದಿಲ್ಲ! ಚೆನ್ನೈ ಮಹಾನಗರದ ಇನ್ನೂರು ವಾರ್ಡುಗಳ ಸದಸ್ಯರು ಕುರ್ಚಿಯ ತುದಿಗೆ ಬಂದು ಕೂರಬೇಕು. ಮೇಯರ್ ಗಂಟೆ ಬಾರಿಸುವುದನ್ನೇ ಮರೆಯಬೇಕು. 'ಇದನ್ನು ಬರೆದ ಪುಣ್ಯಾತ್ಮ ಯಾರು?' ಎಂದು ಎಲ್ಲರೂ ಮೇಲಿನ ಗ್ಯಾಲರಿಯ ಕಡೆ ತಿರುಗಬೇಕು, ಆಗ ನಾನು ತಲೆ ತಗ್ಗಿಸಬೇಕು. ತಲೆ ತಗ್ಗಿಸುವ ಭಾಗ ಮಾತ್ರ ಅಂದುಕೊಂಡ ಹಾಗೆಯೇ ನಡೆಯಿತು.

ನಾನು ಮಧ್ವರಾಜ. ಮೈಲಾಪೂರಿನಲ್ಲಿ ಕೆರೆಬೀದಿಗೆ ತಾಗಿದ ಓಣಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಇಟ್ಟುಕೊಂಡಿದ್ದೇನೆ. ಇಟ್ಟದ್ದು ನಾನಲ್ಲ, ಉಡುಪಿಯ ಕಡೆಯಿಂದ ಬಂದ ನನ್ನ ತಂದೆ. ನಾನು ಇಟ್ಟದ್ದನ್ನು ಬೀಳದಂತೆ ಹಿಡಿದುಕೊಂಡವನು. ಕೆಳಗೆ ಹೋಟೆಲು, ಮೇಲೆ ನಮ್ಮ ಮನೆ. ನಮ್ಮ ವಡೆಗಾಗಿ ಕೀಲ್ಪಾಕಿನಿಂದ ಡಾಕ್ಟರುಗಳೂ ಬರುತ್ತಾರೆ, ಎಣ್ಣೆ ತಿನ್ನಬೇಡಿ ಎಂದು ರೋಗಿಗಳಿಗೆ ಹೇಳಿ ನೇರವಾಗಿ ಇಲ್ಲಿಗೇ ಬರುತ್ತಾರೆ!

ಹೆಂಡತಿ ಸರಸ. ಹೆಸರು ಸರಸ, ಸ್ವಭಾವ ಉಕ್ಕು. ಓಣಿಯ ಮಳೆನೀರು ಚರಂಡಿಗೆ ಮುಚ್ಚಳ ಹಾಕಿಸಲು ವಲಯ ಕಚೇರಿಗೆ ಎಷ್ಟು ಸಲ ನಡೆದಳೆಂದರೆ, ಅಲ್ಲಿಯ ಕಾವಲುಗಾರ ಅವಳನ್ನು ಹೊಸ ಸಿಬ್ಬಂದಿ ಎಂದು ತಿಳಿದು ಸಲಾಮು ಹೊಡೆಯಲು ಶುರುಮಾಡಿದ್ದ. ಮುಚ್ಚಳ ಬಿತ್ತು. ಮರುವರ್ಷ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಓಣಿಯ ಜನವೇ ಬಂದು, "ನೀಂಗ ನಿಲ್ಲುಂಗಮ್ಮಾ" ಎಂದರು. ಅವಳು ಸ್ವತಂತ್ರಳಾಗಿ ನಿಂತಳು. ಮದುವೆಯಾದಂದಿನಿಂದಲೂ ಅವಳು ಸ್ವತಂತ್ರಳೇ, ಈಗ ಚುನಾವಣಾ ಆಯೋಗ ಅದನ್ನು ಒಪ್ಪಿಕೊಂಡಿತು ಅಷ್ಟೇ.

ಪ್ರಮಾಣವಚನ ಮುಗಿಯಿತು. ಮುಂದಿನ ತಿಂಗಳ ಮಾಮೂಲಿ ಸಭೆಯಲ್ಲಿ ಅವಳ ಮೊದಲ ಮಾತು. ತಮಿಳಿನಲ್ಲಿ ಸದಸ್ಯರ ಮೊದಲ ಭಾಷಣಕ್ಕೆ 'ಕನ್ನಿಪ್ಪೇಚ್ಚು' ಅನ್ನುತ್ತಾರೆ.

"ಕನ್ನೆಯ ಮಾತು! ಕಾಲೇಜಿಗೆ ಹೋಗುವ ಮಗಳಿದ್ದಾಳೆ, ನಿನಗೀಗ ಕನ್ನೆಯ ಮಾತು!" ಎಂದು ನಾನು ನಕ್ಕೆ.

"ನಗಾಡಿದ್ದು ಸಾಕು ಮಾರಾಯ್ರೆ. ನಾನೇ ನಾಲ್ಕು ಮಾತು ಹೇಳ್ತೇನೆ. ಬರೆದುಕೊಂಡು ಹೋಗುದು ಎಂತಕ್ಕೆ?" ಎಂದಳು ಸರಸ.

"ನಾಲ್ಕು ಮಾತಿಗೆ ತೂಕ ಬೇಡ್ವಾ? ನನಗೆ ಬಿಡು!"

ತೂಕ! ಆ ಶಬ್ದ ಬಾಯಿಂದ ಬಿದ್ದದ್ದೇ ತಡ, ನನಗೆ ಭಾಷಣದ ತಿರುಳೂ ಸಿಕ್ಕಿತು. ನಮ್ಮ ಗಲ್ಲಾದ ಮೇಲೆ, ಗೋಡೆಯಲ್ಲಿ, ತಂದೆ ಕನ್ನಡದಲ್ಲಿ ಬರೆಸಿದ ಒಂದು ಮಾತಿದೆ. 'ಮನೆಗೂ ಊರಿಗೂ ತೂಕ ಒಂದೇ ಆದರೆ ನಂಬಿಕೆ ತಾನಾಗಿ ಬರುತ್ತದೆ.' ತಂದೆಯ ಕಾಲದಲ್ಲಿ ಹಲ್ವ ತೂಗಿ ಮಾರುತ್ತಿದ್ದರು. ಬೇಕಾದವರಿಗೆ ಬೊಟ್ಟಿನಷ್ಟು ಹೆಚ್ಚು ಇಡುವುದು, ಬೇಡದವರಿಗೆ ತಕ್ಕಡಿಯನ್ನು ಬೆರಳಿನಿಂದ ಒತ್ತುವುದು ಅವರಿಗೆ ಆಗದ ಕೆಲಸ. ನಾನು ಮಗನಾಗಿ ಹಲ್ವ ಕೇಳಿದರೂ ತಕ್ಕಡಿಗೆ ಹಾಕಿಯೇ ಕೊಡುತ್ತಿದ್ದರು! ಸಾರ್ವಜನಿಕ ಜೀವನಕ್ಕೆ ಇದಕ್ಕಿಂತ ದೊಡ್ಡ ಮಾತು ಬೇಕೆ? ತಳ್ಳುಗಾಡಿಯವನಿಗೂ ದೊಡ್ಡ ಅಂಗಡಿಯವನಿಗೂ ಒಂದೇ ನಿಯಮ. ಕೌನ್ಸಿಲರ ಓಣಿಗೂ ಪಕ್ಕದ ಓಣಿಗೂ ಒಂದೇ ದೀಪ, ಒಂದೇ ಗುಡಿಸುವಿಕೆ. ಭಾಷಣ ತಾನಾಗಿ ಹರಿಯಿತು.

ಇಲ್ಲಿ ನಮ್ಮ ಮನೆಯ ಅಕ್ಷರವ್ಯವಸ್ಥೆಯನ್ನು ವಿವರಿಸಬೇಕು, ಅನಾಹುತದ ಬೇರು ಅಲ್ಲಿದೆ. ಸರಸ ಮದುವೆಯಾಗಿ ಬಂದವಳು. ತಮಿಳು ನೀರಿನ ಹಾಗೆ ಮಾತಾಡುತ್ತಾಳೆ, ಆದರೆ ತಮಿಳು ಲಿಪಿಯನ್ನು ಬಸ್ಸಿನ ಬೋರ್ಡಿನಷ್ಟು ಮಾತ್ರ ಓದುತ್ತಾಳೆ. ಅಷ್ಟು ಓದುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಮಗಳು ಪ್ರಣಮ್ಯಾ ಇಲ್ಲೇ ಶಾಲೆಗೆ ಹೋದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಕನ್ನಡ ಲಿಪಿ ಮಾತ್ರ ಅವಳ ಪಾಲಿಗೆ ಜಿಲೇಬಿ. ಹಾಗಾಗಿ ಭಾಷಣ ತಮಿಳಿನದು, ಅಕ್ಷರ ಕನ್ನಡದ್ದು! ಎರಡನ್ನೂ ಬಲ್ಲ ಮಹಾಪಂಡಿತ ಮನೆಯಲ್ಲಿ ನಾನೊಬ್ಬನೇ.

ನನ್ನ ಪಾಂಡಿತ್ಯದ ಗುಟ್ಟನ್ನೂ ಹೇಳಿಬಿಡುತ್ತೇನೆ. ಗಿರಾಕಿಗಳ ಹತ್ತಿರ ಆಡುವ ತಮಿಳು ಬೇರೆ, ಸಭೆಗೆ ಬೇಕಾದ ಸೆಂದಮಿಳು ಬೇರೆ. ಆ ಗಂಭೀರ ತಮಿಳಿಗೆ ನಾನೊಂದು ಸೂತ್ರ ಕಂಡುಹಿಡಿದಿದ್ದೆ. ಕನ್ನಡ ಶಬ್ದದ ಬಾಲಕ್ಕೆ ಒಂದು ಸೊನ್ನೆ ಅಂಟಿಸುವುದು! ಮರ ಮರಂ ಆಗುತ್ತದೆ, ದೂರ ದೂರಂ ಆಗುತ್ತದೆ, ಕೋಪ ಕೋಪಂ ಆಗುತ್ತದೆ. ಹಾಗಾದರೆ ತೂಕ? ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ತಂದೆಯ ಮಾತನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿದೆ:

'ವೀಟ್ಟುಕ್ಕುಂ ಊರುಕ್ಕುಂ ತೂಕಂ ಒನ್ರಾಗ ಇರುಂದಾಲ್, ನಂಬಿಕ್ಕೈ ತಾನಾಗ ವರುಂ.'

ಊಟದ ಮೇಜಿನಲ್ಲಿ ಸರಸ ಭಾಷಣ ಓದಿ ಅಭ್ಯಾಸ ಮಾಡಿದಳು. ಕೊನೆಯ ಆ ಸಾಲು ಬಂದಾಗ ನಾನು ಕೈ ಅಡ್ಡ ಹಿಡಿದೆ.

"ಇದು ಮನೆಯಲ್ಲಿ ಬೇಡ. ಬ್ರಹ್ಮಾಸ್ತ್ರವನ್ನು ಯಾರಾದ್ರೂ ಅಭ್ಯಾಸಕ್ಕೆ ಬಿಡ್ತಾರಾ? ಸಭೆಯಲ್ಲೇ ಬಿಡ್ಬೇಕು!"

"ಒಮ್ಮೆ ಬಾಯಲ್ಲಿ ತಿರುಗಿಸಿದ್ರೆ ಒಳ್ಳೆದಲ್ವಾ?"

"ಅಪ್ಪಾ, ನಾನ್ ಒರು ತಡವೈ ಕೇಕ್ಕಟ್ಟುಮಾ? ಜಸ್ಟ್ ಒನ್ಸ್," ಎಂದು ಪ್ರಣಮ್ಯಾ ಕೂಡ ಒಮ್ಮೆ ಕೇಳಿಸಿಕೊಳ್ಳಲು ಬಂದಳು.

"ನೀನು ಓದು ಹೋಗು!"

ಸರಸ ಆ ಸಾಲನ್ನು ಕಣ್ಣಲ್ಲೇ ಓದಿಕೊಂಡಳು. ಕನ್ನಡ ಅಕ್ಷರದಲ್ಲಿ ತೂಕ ಎಂದು ಕಂಡರೆ ಕನ್ನಡತಿಗೆ ತೂಕವೇ ಅಲ್ಲವೆ? ಅವಳು ತಲೆಯಾಡಿಸಿ ಕಾಗದ ಮಡಚಿಟ್ಟಳು.

ಸಭೆಯ ದಿನ ಬಂತು. ರಿಪನ್ ಕಟ್ಟಡದ ಬಿಳಿ ಗೋಡೆಯ ಮುಂದೆ ಆಟೋದಿಂದ ಇಳಿಯುವಾಗ ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಹಾರಿತು. ಸರಸ ತಿರುಗಿ ಹೇಳಿದಳು, "ಇಲ್ಲಿಂದ ಮುಂದೆ ನೀವು ಬರೀ ಗಂಡ. ಕೌನ್ಸಿಲರ್ ನಾನು. ಮೇಲೆ ಕೂತು ಸನ್ನೆ ಗಿನ್ನೆ ಮಾಡ್ಲಿಕ್ಕೆ ಇಲ್ಲ." ನಾನು ಪಾಸು ತೋರಿಸಿ ಗ್ಯಾಲರಿ ಹತ್ತಿದೆ.

ಸಭೆ ಎಂದರೆ ಸುಮ್ಮನೆ ಗದ್ದಲ ಎಂದುಕೊಂಡಿದ್ದೆ. ಅದಕ್ಕೊಂದು ಶಿಸ್ತಿದೆ. ಎತ್ತರದ ಪೀಠದಲ್ಲಿ ಮೇಯರ್, ಒಂದು ಪಕ್ಕಕ್ಕೆ ಕಮಿಷನರ್ ಮತ್ತು ಅಧಿಕಾರಿಗಳು. ಮೊದಲು ಒಂದು ನೀತಿಪದ್ಯ ಓದಿ ಅರ್ಥ ಹೇಳಿದರು. ಆಮೇಲೆ ಪ್ರಶ್ನೋತ್ತರ. ಮೊದಲೇ ಬರೆದು ಕೊಟ್ಟ ಪ್ರಶ್ನೆಗಳಿಗೆ ಮಾತ್ರ ಅಲ್ಲಿ ಉತ್ತರ. ಅದು ಮುಗಿದ ಮೇಲೆ, ಹೆಸರು ಕೊಟ್ಟ ಸದಸ್ಯರು ತಮ್ಮ ವಾರ್ಡಿನ ತುರ್ತು ಸಂಗತಿ ಎತ್ತುವ ಹೊತ್ತು, ಶೂನ್ಯವೇಳೆ. ತಮಿಳಿನಲ್ಲಿ ಅದಕ್ಕೆ 'ನೇರಮಿಲ್ಲಾ ನೇರಂ' ಎಂದು ಹೆಸರು. ಅಲ್ಲಿ ನೇರಂ ಎಂದರೆ ಹೊತ್ತು. ನೇರವಿಲ್ಲದ ನೇರ! ಕನ್ನಡಕ್ಕೂ ತಮಿಳಿಗೂ ನಡುವೆ ಇಂಥ ಗುಂಡಿಗಳಿವೆ ಎಂದು ದೇವರು ಕೊನೆಯ ಎಚ್ಚರಿಕೆ ಕೊಟ್ಟಿದ್ದ. ನಾನು ಅದಕ್ಕೂ ನಕ್ಕು ಪಕ್ಕದವನ ಬೆನ್ನು ತಟ್ಟಿದೆ.

ಮೇಯರ್ ಹೆಸರು ಕರೆದರು. ಸರಸ ಎದ್ದಳು, ಮೈಕಿನ ಗುಂಡಿ ಒತ್ತಿದಳು, ಕೆಂಪು ದೀಪ ಹತ್ತಿತು. "ವಣಕ್ಕತ್ತಿರ್ಕುರಿಯ ಮೇಯರ್ ಅವರ್ಗಳೇ..." ಎಂದು ಶುರುಮಾಡಿದಳು. ಆಹಾ! ತಳ್ಳುಗಾಡಿ ಬಂತು, ದೊಡ್ಡ ಅಂಗಡಿ ಬಂತು. ಫುಟ್‌ಪಾತ್ ತೆರವು ಮಾಡುವಾಗ ಹೂ ಮಾರುವ ಹೆಂಗಸಿನ ಬುಟ್ಟಿಗೂ ದೊಡ್ಡವರ ಮೆಟ್ಟಿಲಿಗೂ ಒಂದೇ ಅಳತೆ ಇರಲಿ ಎಂಬ ಮಾತು ಬಂತು. ಸದಸ್ಯರು ಮೇಜು ಕುಟ್ಟಿದರು. ನಾನು ಕಣ್ಣು ಮುಚ್ಚಿ ಬ್ರಹ್ಮಾಸ್ತ್ರಕ್ಕಾಗಿ ಕಾದೆ.

"ವೀಟ್ಟುಕ್ಕುಂ ಊರುಕ್ಕುಂ ತೂಕಂ ಒನ್ರಾಗ ಇರುಂದಾಲ್, ನಂಬಿಕ್ಕೈ ತಾನಾಗ ವರುಂ!"

ಸಭೆ ಒಂದು ಗಳಿಗೆ ಸ್ತಬ್ಧವಾಯಿತು. ನಾನು ಅದನ್ನು ಭಕ್ತಿ ಎಂದು ತಿಳಿದೆ. ಮರುಗಳಿಗೆ ಇಡೀ ಸಭಾಂಗಣ ಘೊಳ್ಳೆಂದು ನಕ್ಕಿತು! ಕಮಿಷನರ್ ಕೂಡ ಕರವಸ್ತ್ರ ಬಾಯಿಗಿಟ್ಟುಕೊಂಡರು. ಹಿಂದಿನ ಸಾಲಿನ ಸದಸ್ಯರೊಬ್ಬರು, "ಅಮ್ಮಾ, ಇಂಗ ಎಲ್ಲಾರುಕ್ಕುಂ ಒಣ್ಣಾತಾನ್ ವರುದು!" ಎಂದು ಕೂಗಿದರು. ಇಲ್ಲಿ ಎಲ್ಲರಿಗೂ ಒಟ್ಟಿಗೇ ಬರುತ್ತದಂತೆ! ಏನು ಬರುತ್ತದೆ?

ಆಗ ನನ್ನ ತಲೆಗೆ ಹೊಳೆಯಿತು. ಅಯ್ಯೋ! ತೂಕ್ಕಂ ಎಂದರೆ ನಿದ್ದೆ! ಚೆನ್ನೈಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನನಗೂ ಗೊತ್ತು! ಆದರೆ ನಿದ್ದೆಯ ತೂಕ್ಕಂ ಎಂಬುದಕ್ಕೆ ಒತ್ತಕ್ಷರ ಉಂಟು, ನಾನು ಬರೆದದ್ದು ಒಂಟಿ ಕ. ಆ ಭೇದ ನನ್ನ ಪೆನ್ನಿಗೆ ಮಾತ್ರ ಗೊತ್ತು. ತಮಿಳರ ಕಿವಿಗೆ ಪದದ ನಡುವೆ ಗಟ್ಟಿಯಾದ ಕ ಕೇಳಿಸಿದರೆ ಅದು ಒತ್ತಕ್ಷರವೇ, ಒಂಟಿಯಾಗಿದ್ದರೆ ಅವರು ಅದನ್ನು ಗ ಎನ್ನುತ್ತಾರೆ. ತಮಿಳಿನಲ್ಲಿ ತೂಕಕ್ಕೆ ಹೇಳುವುದು ಎಡೈ. ದಿನವೂ ಕಾಯಿಪಲ್ಯದವನ ಹತ್ತಿರ "ಎಡೈ ಸರಿಯಾ ಪೋಡಪ್ಪಾ" ಎಂದು ಜಗಳವಾಡುವ ಬಾಯಿ ಇದು! ನನ್ನ ಹೆಂಡತಿ ಮಹಾಸಭೆಯ ಮುಂದೆ ನಿಂತು, 'ಮನೆಗೂ ಊರಿಗೂ ನಿದ್ದೆ ಒಂದೇ ಆದರೆ ನಂಬಿಕೆ ತಾನಾಗಿ ಬರುತ್ತದೆ' ಎಂದು ಸಾರಿದ್ದಳು.

ಸರಸ ಕಾಗದ ನೋಡಿದಳು, ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ತೂಕ, ತೂಕ ಎಂದು ತಿಳಿಸಲು ಎರಡು ಅಂಗೈಯನ್ನೂ ತಕ್ಕಡಿಯ ಹಾಗೆ ಮೇಲೆ ಕೆಳಗೆ ಆಡಿಸಿದೆ. ಗಡಿಬಿಡಿಯಲ್ಲಿ ಎರಡು ಕೈಯೂ ಒಟ್ಟಿಗೆ ಸೇರಿ ಕೆನ್ನೆಯ ಹತ್ತಿರ ಹೋದವು. ದಿಂಬು! ಗ್ಯಾಲರಿಯವರೂ ನಗಲು ಶುರುಮಾಡಿದರು. ಮೇಯರ್ ಗಂಟೆ ಬಾರಿಸಿದರು.

ನನ್ನ ಪಾಂಡಿತ್ಯಕ್ಕೆ ಏನಾದರೂ ಆಗಲಿ, ಅವಳ ಗತಿ? ಸ್ವತಂತ್ರಳಾಗಿ ನಿಂತು ಗೆದ್ದವಳು, ಪಕ್ಷದ ಬೆಂಬಲವಿಲ್ಲ. ಮೊದಲ ದಿನವೇ ನಗೆಪಾಟಲಾದರೆ ನಾಳೆ ಅವಳು ಚರಂಡಿ ಎಂದರೂ ಜನ ನಿದ್ದೆ ಎಂದು ನಗುತ್ತಾರೆ. ಓಣಿಯವರು ನಂಬಿ ಕಳಿಸಿದ್ದು ಇದಕ್ಕೇನು?

ಸರಸ ಕಾಗದವನ್ನು ಮಡಚಿ ಕೈಚೀಲಕ್ಕೆ ಹಾಕಿದಳು. ಸೆರಗು ಸರಿಮಾಡಿಕೊಂಡಳು. ಅವಳು ಸೆರಗು ಸರಿಮಾಡಿಕೊಂಡರೆ ಯಾರಿಗೋ ಕಾದಿದೆ ಎಂದು ನನಗೆ ಗೊತ್ತು. ಯಾರಿಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅವಳು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

"ನೀವು ನಕ್ಕದ್ದು ಸರಿ. ನಾನು ಹೇಳಲು ಬಂದದ್ದು ಎಡೈ. ಬಾಯಿಗೆ ಬಂದದ್ದು ತೂಕ್ಕಂ. ನಮ್ಮ ಭಾಷೆಯಲ್ಲಿ ಎಡೈಗೆ ತೂಕ ಎನ್ನುತ್ತೇವೆ, ಹಾಗಾಗಿ ತಪ್ಪಿತು. ಆದರೆ ತಪ್ಪಿ ಬಂದ ಮಾತೂ ನಿಜವೇ. ಮತ ಕೇಳಲು ಹೋದಾಗ ಒಂದು ಹಿಂದಿನ ಓಣಿಯಲ್ಲಿ ಜನ ನನ್ನ ಹತ್ತಿರ ರಸ್ತೆ ಕೇಳಲಿಲ್ಲ, ನೀರು ಕೇಳಲಿಲ್ಲ. ಅಮ್ಮಾ, ಬೆಳಗಿನ ಜಾವ ಮಲಗಲು ಬಿಡಿ ಎಂದರು. ಅಲ್ಲೊಂದು ಹೋಟೆಲಿನ ಗ್ರೈಂಡರೂ ಹೊಗೆ ಎಳೆಯುವ ಫ್ಯಾನೂ ಅವರ ಕಿಟಕಿಗೆ ಮುಖ ಮಾಡಿವೆ. ಹೋಟೆಲಿನ ಯಜಮಾನರ ಮಲಗುವ ಕೋಣೆ ಮುಂದಿನ ಬೀದಿಗೆ ಮುಖ ಮಾಡಿದೆ, ಅವರಿಗೆ ಒಳ್ಳೆಯ ನಿದ್ದೆ. ನನಗೂ ಒಳ್ಳೆಯ ನಿದ್ದೆ."

ಈಗ ಕುರ್ಚಿಯ ತುದಿಗೆ ಬಂದವನು ನಾನು.

"ಏಕೆಂದರೆ ಆ ಯಜಮಾನರು ನನ್ನ ಗಂಡ. ಮನೆಗೆ ನಿದ್ದೆ, ಊರಿಗೆ ಎಚ್ಚರ ಎಂದಾದರೆ ನನ್ನನ್ನು ಯಾರು ನಂಬುತ್ತಾರೆ? ನನ್ನ ಮೊದಲ ಕೋರಿಕೆ ಇದೇ. ವಲಯದ ಅಧಿಕಾರಿಗಳು ಆ ಹೋಟೆಲನ್ನು ತಪಾಸಣೆ ಮಾಡಲಿ. ನನ್ನ ಮನೆಯ ಲಾಭ ಅದರಲ್ಲಿ ಇರುವುದರಿಂದ ಆ ವಿಷಯದ ಚರ್ಚೆಯಲ್ಲಿ ನಾನು ಕೂರುವುದಿಲ್ಲ, ಮತ ಹಾಕುವುದಿಲ್ಲ, ಫೋನೂ ಮಾಡುವುದಿಲ್ಲ. ಇದು ಸಭೆಯ ದಾಖಲೆಯಲ್ಲಿ ಬರಲಿ. ಧನ್ಯವಾದ, ವಣಕ್ಕಂ."

ಮೇಜು ಕುಟ್ಟಿದ ಸದ್ದಿಗೆ ಸಭಾಂಗಣ ಅದುರಿತು! ನಿದ್ದೆಯ ಜೋಕು ಹೊಡೆದ ಸದಸ್ಯರೇ ಎಲ್ಲರಿಗಿಂತ ಜೋರಾಗಿ ಕುಟ್ಟಿದರು. ಮೇಯರ್ ಅಧಿಕಾರಿಗಳ ಕಡೆ ತಿರುಗಿ, ನೋಡಿ ವರದಿ ಕೊಡಿ ಎಂದರು. ಎಲ್ಲರೂ ಗ್ಯಾಲರಿಯ ಕಡೆ ತಿರುಗಿದರು. ಆಗ ನಾನು ತಲೆ ತಗ್ಗಿಸಿದೆ.

ಮನೆಗೆ ಬರುವ ಆಟೋದಲ್ಲಿ ಯುದ್ಧ.

"ಸ್ವಂತ ಗಂಡನ ಹೋಟೆಲನ್ನು ಮಹಾಸಭೆಯಲ್ಲಿ ಹರಾಜು ಹಾಕಿದ್ಯಲ್ಲ!"

"ಸ್ವಂತ ಹೆಂಡ್ತಿಯನ್ನು ಮಹಾಸಭೆಯಲ್ಲಿ ಮಲಗಿಸಿದ್ರಲ್ಲ!"

"ಅದೊಂದು ಒತ್ತಕ್ಷರದ ತಪ್ಪು ಮಾರಾಯ್ತಿ!"

"ಹೋಟೆಲಿಂದು ಒತ್ತಕ್ಷರದ ತಪ್ಪಲ್ಲ. ಆ ಹೆಂಗಸ್ರು ನನ್ನ ಕೈ ಹಿಡಿದು ಹೇಳಿದ್ರು. ಆವತ್ತು ಸರಿ ಅಂತ ತಲೆ ಆಡಿಸಿ ಬಂದದ್ದು ನಾನು."

"ನನಗೊಂದು ಮಾತು ಹೇಳ್ಬಹುದಿತ್ತು."

"ಹೇಳಿದ್ದೆ. ನೀವು ಭಾಷಣ ಬರೀತಿದ್ರಿ."

ಮನೆಗೆ ಬಂದು ಬಾಗಿಲು ತೆರೆದೆ. ಪ್ರಣಮ್ಯಾ ಫೋನಿನಲ್ಲಿ ಆಗಲೇ ಭಾಷಣದ ತುಣುಕು ನೋಡಿ ನೆಲದ ಮೇಲೆ ಉರುಳಿ ನಗುತ್ತಿದ್ದಳು. "ಅಮ್ಮಾ, ಸೂಪರ್! ಅಪ್ಪಾ, ನೀಂಗ ತಾನ್ ಮೀಮ್!" ಕೈ ಕೆನ್ನೆಗೆ ಇಟ್ಟುಕೊಂಡ ನನ್ನ ಚಿತ್ರ ಮೈಲಾಪೂರಿನಿಂದ ಗಿಂಡಿಯವರೆಗೆ ಸುತ್ತಾಡುತ್ತಿತ್ತು. ಸರಸಳಿಗೆ 'ತೂಕ್ಕ ಕೌನ್ಸಿಲರ್' ಎಂದು ಹೆಸರೇ ಬಿತ್ತು. ನಾಯಿ ಬೊಗಳುವುದು, ಧ್ವನಿವರ್ಧಕ, ಹೊತ್ತಲ್ಲದ ಹೊತ್ತಿನಲ್ಲಿ ರಸ್ತೆ ಅಗೆಯುವುದು, ಹೀಗೆ ನಿದ್ದೆ ಕಳೆದುಕೊಂಡವರೆಲ್ಲ ನಮ್ಮ ಮೆಟ್ಟಿಲು ಹತ್ತತೊಡಗಿದರು. ಅವಳು ಒಬ್ಬೊಬ್ಬರನ್ನೂ ಕೂರಿಸಿ ಕೇಳಿ, ಇದು ಪೊಲೀಸರದ್ದು, ಇದು ನಮ್ಮ ವಲಯದ್ದು ಎಂದು ಬೇರೆ ಬೇರೆ ಮಾಡಿ ಕಳಿಸುತ್ತಿದ್ದಳು. ಬಂದವರಿಗೆಲ್ಲ ಕಾಫಿ ಮಾತ್ರ ನನ್ನ ಹೋಟೆಲಿನಿಂದ!

ನಾನೂ ಸುಮ್ಮನೆ ಸೋಲುವವನಲ್ಲ. ತಪಾಸಣೆಗೆ ಮೊದಲೇ ಗ್ರೈಂಡರಿನ ಸದ್ದು ಅಡಗಿಸುತ್ತೇನೆ ಎಂದು ಹಠ ಹಿಡಿದೆ. ನಮ್ಮ ಇಡ್ಲಿ ಹಿಟ್ಟು ಹಿಂದಿನ ಮಧ್ಯಾಹ್ನವೇ ರುಬ್ಬಿ ಹುಳಿ ಬರಲು ಇಡುವಂಥದ್ದು, ಅದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ವಡೆಯದ್ದು. ಉದ್ದನ್ನು ಬೆಳಗಿನ ಜಾವವೇ ರುಬ್ಬಿ ಆಗಲೇ ಎಣ್ಣೆಗೆ ಬಿಡಬೇಕು, ಹಿಟ್ಟು ಕಾದು ಕೂತರೆ ವಡೆ ಎಣ್ಣೆ ಕುಡಿದು ಪೆಚ್ಚಾಗುತ್ತದೆ. ಚಟ್ನಿಯೂ ಆಗಲೇ. ಹಾಗಾಗಿ ಹೊತ್ತು ಬದಲಿಸುವಂತಿಲ್ಲ, ಸದ್ದೇ ಬದಲಾಗಬೇಕು.

"ಮುರಳೀ, ಗ್ರೈಂಡರಿಗೆ ಸುತ್ತ ಹಾಸಿಗೆ ಕಟ್ಟು!" ಎಂದೆ.

ಮುರಳೀಧರ ನಮ್ಮ ಮ್ಯಾನೇಜರು, ಕುಂದಾಪುರದ ಕಡೆಯವನು, ನನ್ನ ಆಜ್ಞೆಗಳನ್ನು ಕೇಳಿ ಕೇಳಿ ಕೂದಲು ಉದುರಿಸಿಕೊಂಡವನು. "ಹಾಸಿಗೆಯಾ? ಯಾರ ಹಾಸಿಗೆ ಸ್ವಾಮಿ?" ಎಂದ.

"ನಮ್ಮದೇ ತಾ. ಒಳ್ಳೆ ಹತ್ತಿಯದ್ದು."

ಹಾಸಿಗೆ ಸುತ್ತಿದೆವು, ಹಗ್ಗ ಬಿಗಿದೆವು. ಗುಂಡಿ ಒತ್ತಿದಾಗ ಸದ್ದು ನಿಜವಾಗಿಯೂ ಇಳಿಯಿತು! ನಾನು ಮೀಸೆ ತಿರುವಿದೆ. ಗಾಳಿಯಾಡದೆ ಮೋಟಾರು ಕಾದು, ಹಾಸಿಗೆಯ ಮೂಲೆಯಿಂದ ಹೊಗೆ ಬರತೊಡಗಿದಾಗ ಮುರಳೀಧರನೇ ಓಡಿಹೋಗಿ ಸ್ವಿಚ್ಚು ಆರಿಸಿದ. ಆ ದಿನ ವಡೆಯಿಲ್ಲ. ಕೀಲ್ಪಾಕಿನ ಡಾಕ್ಟರು ಬಂದು, "ವಡೈ ಇಲ್ಲೈಯಾ?" ಎಂದು ಅನಾಥರಂತೆ ನಿಂತರು. ಮೇಲೆ ಮನೆಯಲ್ಲಿ ಸರಸ ಬರಿಯ ಮಂಚ ನೋಡಿ ಕೆಳಗಿಳಿದು ಬಂದಳು.

"ಹಾಸಿಗೆ ಎಲ್ಲಿ ಮಾರಾಯ್ರೆ?"

"ಗ್ರೈಂಡರು ಮಲಗಿದೆ," ಎಂದ ಮುರಳೀಧರ.

ತಪಾಸಣೆಗೆ ಬಂದವರು ಆರೋಗ್ಯ ವಿಭಾಗದ ಇನ್‌ಸ್ಪೆಕ್ಟರು. ಅವರ ಜೊತೆ ಮಾಲಿನ್ಯ ನಿಯಂತ್ರಣದವರು ಶಬ್ದ ಅಳೆಯುವ ಯಂತ್ರ ಹಿಡಿದು ಬಂದರು. ಹೊಸ ಮೋಟಾರು ಹಾಕಿ ರುಬ್ಬುತ್ತಿದ್ದ ಬೆಳಗಿನ ಜಾವ, ಹಿಂದಿನ ಓಣಿಯ ಗಂಗಾಧರನ್ ಸಾರ್ ಅವರ ಕಿಟಕಿಯ ಪಕ್ಕ ನಿಂತು ಅಳೆದರು. ಗಂಗಾಧರನ್ ನಿವೃತ್ತ ಮೇಷ್ಟ್ರು, ಕಣ್ಣಿನ ಕೆಳಗೆ ವರ್ಷಗಟ್ಟಲೆಯ ಕಪ್ಪು. ವಾಸದ ಬೀದಿಯಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಲವತ್ತೈದು ಡೆಸಿಬಲ್ ದಾಟುವಂತಿಲ್ಲವಂತೆ. ಯಂತ್ರದ ಮುಳ್ಳು ಅದನ್ನು ಎಂದೋ ದಾಟಿ ಮುಂದಿನ ಓಣಿಗೆ ಹೋಗಿತ್ತು. ನಾನು ಮೇಷ್ಟ್ರ ಕೋಣೆಯಲ್ಲಿ ನಿಂತು ಮೊದಲ ಸಲ ನಮ್ಮ ಗ್ರೈಂಡರನ್ನು ಆ ಕಡೆಯಿಂದ ಕೇಳಿದೆ. ಮಂಚವೇ ನಡುಗುತ್ತಿತ್ತು. ನನಗೆ ನಾಚಿಕೆಯಾಯಿತು, ಇದರಲ್ಲಿ ತಮಾಷೆಯೇನೂ ಇಲ್ಲ.

"ನೀವು ಒಂದು ಮಾತು ಬಂದು ಹೇಳ್ಬಹುದಿತ್ತಲ್ಲ ಸಾರ್," ಎಂದು ತಮಿಳಿನಲ್ಲಿ ಕೇಳಿದೆ.

"ಉಂಗ ವಡೈ ರೊಂಬ ನಲ್ಲಾ ಇರುಕ್ಕುಂ," ಎಂದರು ಮೇಷ್ಟ್ರು. ವಡೆ ಚೆನ್ನಾಗಿದ್ದದ್ದಕ್ಕೆ ಇಷ್ಟು ಕಾಲ ಸುಮ್ಮನಿದ್ದರಂತೆ!

ವಾರ್ಡು ಸಮಿತಿಯ ಸಭೆಯಲ್ಲಿ ವರದಿ ಬಂತು. ಆ ಸಮಿತಿಗೆ ಸರಸಳೇ ಅಧ್ಯಕ್ಷೆ. ನಮ್ಮ ಹೋಟೆಲಿನ ಸರದಿ ಬಂದದ್ದೇ ಕುರ್ಚಿ ಬಿಟ್ಟು ಎದ್ದಳು, ಬೇರೊಬ್ಬ ಸದಸ್ಯರನ್ನು ಕೂರಿಸಿ ಹೊರಗೆ ಬಂದು ನನ್ನ ಪಕ್ಕ ಬೆಂಚಿನಲ್ಲಿ ಕೂತಳು. ನಾನು ಮೆಲ್ಲಗೆ, "ಒಳಗೆ ಇದ್ರೆ ಸ್ವಲ್ಪ ಮೆತ್ತಗೆ ಮಾಡ್ಬಹುದಿತ್ತು," ಎಂದೆ.

"ಅದಕ್ಕೇ ಹೊರಗೆ ಬಂದದ್ದು," ಎಂದಳು. ಕೈ ಮಾತ್ರ ನನ್ನ ಕೈ ಮೇಲೆ ಇಟ್ಟಳು. "ಹೆದರ್ಬೇಡಿ. ಮುಚ್ಚಿಸುದಿಲ್ಲ. ನಿಯಮ ಎಂತ ಹೇಳ್ತದೋ ಅಷ್ಟೇ."

ನಿಯಮ ಹೇಳಿದ್ದು ಇಷ್ಟು. ಲೈಸೆನ್ಸು ಉಳಿಯುತ್ತದೆ. ಹೊಗೆಯ ಕೊಳವೆಯನ್ನು ಮಾಡಿನ ಮೇಲಕ್ಕೆ ಏರಿಸಬೇಕು, ಅದರ ಫ್ಯಾನಿಗೆ ಸದ್ದು ತಡೆಯುವ ಪೆಟ್ಟಿಗೆ ಹಾಕಬೇಕು. ಗ್ರೈಂಡರು ಹಿಂದಿನ ಓಣಿಯ ಗೋಡೆಯನ್ನು ಬಿಟ್ಟು, ಹೊರಗಿನ ಯಾರ ಮಲಗುವ ಕೋಣೆಗೂ ತಾಗದ ಜಾಗಕ್ಕೆ ಹೋಗಬೇಕು. ನಾನೂ ಮುರಳೀಧರನೂ ಟೇಪು ಹಿಡಿದು ಹೋಟೆಲೆಲ್ಲ ಅಳೆದೆವು. ಎಡಕ್ಕೆ ಹೊಲಿಗೆಯವರ ಮನೆ, ಬಲಕ್ಕೆ ಬಾಣಂತಿ, ಹಿಂದೆ ಮೇಷ್ಟ್ರು. ಯಾರ ನಿದ್ದೆಗೂ ತಾಗದ ಜಾಗ ಇಡೀ ಕಟ್ಟಡದಲ್ಲಿ ಒಂದೇ ಒಂದು ಇತ್ತು. ಮುಂದಿನ ಉಗ್ರಾಣ, ಗಟ್ಟಿ ಗೋಡೆಯದ್ದು, ಬೀದಿಗೆ ಸದ್ದು ಬಿಡದು.

ಅದರ ನೆತ್ತಿಯ ಮೇಲೆ ನಮ್ಮ ಮಲಗುವ ಕೋಣೆ!

ಮೊದಲ ಬೆಳಿಗ್ಗೆ ಗ್ರೈಂಡರು ಶುರುವಾದಾಗ ಮಂಚ ನನ್ನನ್ನು ಗೋಡೆಯ ತನಕ ಕರೆದುಕೊಂಡು ಹೋಯಿತು. ಸರಸ ಆಗಲೇ ಎದ್ದು, ಗುಡಿಸುವವರ ಹಾಜರಿ ನೋಡಲು ಹೊರಡುತ್ತಿದ್ದಳು.

"ಎದ್ರಾ? ಒಳ್ಳೆದಾಯ್ತು," ಎಂದಳು. "ಈಗ ಮನೆಗೂ ಊರಿಗೂ ತೂಕ ಒಂದೇ ಆಯ್ತಲ್ಲ?"

"ತೂಕ ಸರಿ ಆಯ್ತು ಮಾರಾಯ್ತಿ. ತೂಕ್ಕಂ ಹೋಯ್ತು!"

ಈಗ ಬೆಳಗಿನ ವ್ಯಾಪಾರ ಇಳಿದ ಮೇಲೆ ಗಲ್ಲಾದಲ್ಲಿ ಕೂತರೆ ನನ್ನ ತಲೆ ತಾನಾಗಿ ಎದೆಗೆ ಬೀಳುತ್ತದೆ. ಮೊನ್ನೆ ಗಂಗಾಧರನ್ ಸಾರ್ ಬಂದಿದ್ದರು. ಕಣ್ಣಿನ ಕೆಳಗಿನ ಕಪ್ಪೆಲ್ಲ ಮಾಯ, ಹತ್ತು ವರ್ಷ ಚಿಕ್ಕವರಾಗಿದ್ದಾರೆ. ವಡೆ ತಿನ್ನುತ್ತಾ ನನ್ನ ತಲೆಯ ಮೇಲಿನ ಗೋಡೆ ತೋರಿಸಿ, ಇಷ್ಟು ವರ್ಷದಿಂದ ನೋಡುತ್ತಿದ್ದೇನೆ, ಆ ಕನ್ನಡದಲ್ಲಿ ಏನು ಬರೆದಿದೆ ಎಂದು ಮುರಳೀಧರನನ್ನು ಕೇಳಿದರಂತೆ. ಅವನು ಗಟ್ಟಿಯಾಗಿ ಓದತೊಡಗಿದನಂತೆ.

"ಮನೆಗೂ ಊರಿಗೂ ತೂಕ..."

ಮೇಷ್ಟ್ರು ಮುಂದೆ ಕೇಳಲಿಲ್ಲ. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ನನ್ನನ್ನೊಮ್ಮೆ ನೋಡಿ, ಚಟ್ನಿಗೆ ವಡೆ ಅದ್ದುತ್ತಾ ಹೇಳಿದರಂತೆ.

"ಪೋದುಂ ಪೋದುಂ, ಅರ್ಥಂ ಕೀಳೆಯೇ ಉಕ್ಕಾಂದಿರುಕ್ಕು!"

ಸಾಕು ಸಾಕು, ಅರ್ಥ ಕೆಳಗೇ ಕೂತಿದೆ!